ಬಾರ್ ಗ್ರಾಫ್ ವಿಮರ್ಶೆ ಬರೆಯೋವಾಗ ಮೊದಲು ಕಂಬದ ಬುಡ ನೋಡ್ರಿ

ಅಸೈನ್‌ಮೆಂಟ್‌ನಲ್ಲಿ ‘ಈ ಗ್ರಾಫ್ ದಾರಿ ತಪ್ಪಿಸುತ್ತದೆ’ ಅಂತಷ್ಟೇ ಬರೆದರೆ ಸಾಲದು, ಎಷ್ಟು ತಪ್ಪಿಸುತ್ತದೆ ಅಂತ ಲೆಕ್ಕ ತೋರಿಸ್ರಿ.

ನಮ್ಮ ಜಿಲ್ಲೆಗಳನ್ನೇ ತಗೊಳ್ರಿ. 2011ರ ಜನಗಣತಿಯಲ್ಲಿ ಸಾಕ್ಷರತೆ ವಿಜಯಪುರದಲ್ಲಿ ಸುಮಾರು 67%, ಬೆಳಗಾವಿಯಲ್ಲಿ 73%. ವೈ ಅಕ್ಷವನ್ನು 65ರಿಂದ ಶುರು ಮಾಡಿದರೆ 1%ಗೆ ಗ್ರಾಫ್ ಹಾಳೆಯ ಒಂದು ಮನೆಯಂತೆ ವಿಜಯಪುರದ ಕಂಬ 2 ಮನೆ ಎತ್ತರ, ಬೆಳಗಾವಿಯದು 8 ಮನೆ. ಕಣ್ಣಿಗೆ ನಾಲ್ಕು ಪಟ್ಟು, ಅಂದರೆ 300% ಹೆಚ್ಚು. ನಿಜವಾದ ಹೆಚ್ಚಳ 67ಕ್ಕೆ 6, ಸುಮಾರು 9%. 300ನ್ನು 9ರಿಂದ ಭಾಗಿಸಿದರೆ ಸುಮಾರು 33 ಬರುತ್ತದೆ. ಇದಕ್ಕೆ ಲೈ ಫ್ಯಾಕ್ಟರ್ ಅಂತಾರೆ. 1ರ ಆಸುಪಾಸು ಇದ್ದರೆ ಮಾತ್ರ ಗ್ರಾಫ್ ಪ್ರಾಮಾಣಿಕ. ಪಕ್ಕದಲ್ಲೇ ಸೊನ್ನೆಯಿಂದ ಶುರುವಾಗುವ ಗ್ರಾಫ್ ನೀವೇ ಬಿಡಿಸ್ರಿ.

ಲೈನ್ ಗ್ರಾಫ್ ಮೇಲೆ ಮಾತ್ರ ಇದೇ ತಕರಾರು ಹಾಕಬ್ಯಾಡ್ರಿ. ಅಲ್ಲಿ ಓದೋದು ಗೆರೆಯ ಏರಿಳಿತ, ಕಂಬದ ಎತ್ತರವಲ್ಲ. ಸೊನ್ನೆ ಕಡ್ಡಾಯವೂ ಅಲ್ಲ.