ಗಾಳಿಯ ವೇಳೆ ನೋಡಿ ಹೂಡಿದ ಕರಾವಳಿ ಪ್ರವಾಸ: ಬೇಕಲ, ಕಾಪು, ಗೋಕರ್ಣ

ಮಂಡ್ಯದ ಕಡೆಯಿಂದ ಕರಾವಳಿಗೆ ಹೊರಡುವವರು ಸಾಮಾನ್ಯವಾಗಿ ಊರುಗಳನ್ನು ಮೊದಲು ಗೊತ್ತುಮಾಡಿಕೊಂಡು, ನಡುವಿನ ದೂರ ನೋಡಿ ವೇಳೆಯನ್ನು ಹಂಚಿಕೊಳ್ಳುತ್ತಾರೆ. ಕೋಟೆ, ದೀಪಸ್ತಂಭ ಮತ್ತು ಕಡಲಂಚಿನ ಗುಡ್ಡಗಳನ್ನೇ ನೋಡಬೇಕೆಂದು ಹೊರಟಾಗ ನಾನು ಈ ಕ್ರಮವನ್ನು ತಿರುಗಿಸಿದೆ. ಈ ಮೂರೂ ಗಾಳಿಗೆ ಎದುರಾಗಿ ನಿಂತಿರುವ ಜಾಗಗಳಾದ್ದರಿಂದ, ಯಾವ ಹೊತ್ತಿನಲ್ಲಿ ಗಾಳಿ ಹೇಗಿರುತ್ತದೆ ಎಂಬುದನ್ನು ಮೊದಲು ತಿಳಿದುಕೊಂಡು, ಆಮೇಲೆ ಊರುಗಳನ್ನು ಅದರೊಳಗೆ ಕೂರಿಸಿದೆ. ಜೊತೆಯಲ್ಲಿ ಎಪ್ಪತ್ತು ದಾಟಿದ ನಮ್ಮ ಅತ್ತೆಯವರೂ ಇಬ್ಬರು ಮಕ್ಕಳೂ ಇದ್ದುದರಿಂದ ಇದು ಅಗತ್ಯವೂ ಆಗಿತ್ತು.

ಮುಂಗಾರಿನ ತಿಂಗಳುಗಳನ್ನು ಯೋಚನೆಯಿಲ್ಲದೆ ಕೈಬಿಟ್ಟೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಗಾಳಿಗೆ ಹಗಲು ರಾತ್ರಿಯೆಂಬ ಭೇದವಿರುವುದಿಲ್ಲ, ಬಂಡೆಗಳು ಪಾಚಿ ಹಿಡಿದಿರುತ್ತವೆ. ನಾವು ಹೊರಟ ಜನವರಿಯಲ್ಲಾದರೆ ಗಾಳಿಗೆ ಒಂದು ದಿನಚರಿ ಇರುತ್ತದೆ. ರಾತ್ರಿ ನೆಲವು ಕಡಲಿಗಿಂತ ಬೇಗ ತಣಿಯುವುದರಿಂದ ಬೆಳಗಿನ ಜಾವ ಘಟ್ಟದ ಕಡೆಯಿಂದ ಕಡಲಿಗೆ ತೆಳುವಾದ ನೆಲಗಾಳಿ ಬೀಸುತ್ತದೆ. ಎಂಟು ಒಂಬತ್ತು ಗಂಟೆಗೆ ಅದು ಸತ್ತುಹೋಗಿ ಸ್ವಲ್ಪ ಹೊತ್ತು ಗಾಳಿಯೇ ಇರುವುದಿಲ್ಲ. ನೆಲ ಕಾದಮೇಲೆ, ಸುಮಾರು ಹನ್ನೊಂದರ ಹೊತ್ತಿಗೆ, ಕಡಲಗಾಳಿ ಏಳುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕೂವರೆಯ ನಡುವೆ ಅದರ ಬಲ ಹೆಚ್ಚು, ಸೂರ್ಯ ಮುಳುಗಿದ ಮೇಲೆ ಇಳಿಯುತ್ತದೆ. ಹೀಗಾಗಿ ತೆರೆದ ಗುಡ್ಡದಂಚಿನ ನಡಿಗೆ ಬೆಳಿಗ್ಗೆಗೆ, ಗೋಡೆಯ ಮರೆಯಿರುವ ಜಾಗಗಳು ಸಂಜೆಗೆ, ಕಾರಿನ ಪ್ರಯಾಣವೂ ಊಟವೂ ನಡುಹಗಲಿನ ಜೋರು ಗಾಳಿಯ ಹೊತ್ತಿಗೆ ಎಂದು ಹಂಚಿದೆ.

ಫೋನಿನ ಹವಾಮಾನ ಮುನ್ಸೂಚನೆಯಲ್ಲಿ ಎರಡು ಅಂಕಿಗಳಿರುತ್ತವೆ. ಒಂದು ಸರಾಸರಿ ವೇಗ, ಇನ್ನೊಂದು ಆಗಾಗ ಬಂದು ಹೊಡೆಯುವ ಬಿರುಬೀಸಿನ ವೇಗ. ಅಂಚಿನಲ್ಲಿ ನಿಂತವರ ಹೆಜ್ಜೆ ತಪ್ಪಿಸುವುದು ಎರಡನೆಯದಾದ್ದರಿಂದ ನಾನು ಅದನ್ನೇ ನೋಡುತ್ತೇನೆ. ಅಂಕಿ ಯಾವ ಅಳತೆಯಲ್ಲಿದೆ ಎಂಬುದನ್ನೂ ಗಮನಿಸಬೇಕು. ಸೆಕೆಂಡಿಗೆ ಒಂದು ಮೀಟರ್ ಎಂದರೆ ಗಂಟೆಗೆ 3.6 ಕಿಲೋಮೀಟರ್, ಒಂದು ನಾಟ್ ಎಂದರೆ ಸುಮಾರು 1.85 ಕಿಲೋಮೀಟರ್. ಹತ್ತು ಎಂದು ಓದಿ ಹಗುರವಾದ ಗಾಳಿಯೆಂದುಕೊಂಡದ್ದು ಮೂವತ್ತಾರು ಆಗಿರಬಹುದು. ಗಾಳಿಯ ವೇಗ ಎರಡು ಪಟ್ಟಾದರೆ ಮೈಮೇಲೆ ಬೀಳುವ ಒತ್ತಡ ನಾಲ್ಕು ಪಟ್ಟಾಗುತ್ತದೆ. ಅದಕ್ಕಾಗಿ ಬಿರುಬೀಸು ಗಂಟೆಗೆ ಮೂವತ್ತು ಕಿಲೋಮೀಟರಿನೊಳಗಿದ್ದರೆ ಅಂಚಿನ ದಾರಿಯಲ್ಲಿ ನಡೆಯಬಹುದು, ಮೂವತ್ತರಿಂದ ನಲವತ್ತರವರೆಗೆ ಗೋಡೆ ಅಥವಾ ಕಟಕಟೆ ಇರುವಲ್ಲಿ ಮಾತ್ರ ನಿಲ್ಲಬಹುದು, ಅದಕ್ಕೂ ಮೇಲಾದರೆ ಎತ್ತರದ ಯಾವ ಜಾಗಕ್ಕೂ ಹೋಗಬಾರದು ಎಂದು ನಮ್ಮ ಮನೆಯವರ ಮಟ್ಟಿಗೆ ಗೆರೆ ಹಾಕಿಕೊಂಡೆ. ಮುನ್ಸೂಚನೆಯ ಅಂಕಿ ಬಯಲಿನಲ್ಲಿ ನೆಲದಿಂದ ಹತ್ತು ಮೀಟರ್ ಎತ್ತರಕ್ಕೆ ಲೆಕ್ಕಹಾಕಿದ್ದು. ಗುಡ್ಡದ ನೆತ್ತಿಯಲ್ಲಿ ಗಾಳಿ ಒತ್ತಿಕೊಂಡು ಹರಿಯುವುದರಿಂದ ಅಲ್ಲಿ ಬಲ ಇನ್ನೂ ಹೆಚ್ಚಿರುತ್ತದೆ, ಹಾಗಾಗಿ ಸ್ಥಳದಲ್ಲೂ ಒಮ್ಮೆ ಪರೀಕ್ಷಿಸಬೇಕು. ಒಣ ಎಲೆ, ಕಾಗದದ ಚೂರು ನೆಲ ಬಿಟ್ಟು ಹಾರುತ್ತಿದ್ದರೆ ವೇಗ ಇಪ್ಪತ್ತನ್ನು ದಾಟಿದೆ; ಚಿಕ್ಕ ಮರಗಳು ಬುಡದಿಂದಲೇ ತೂಗಾಡತೊಡಗಿದರೆ ಮೂವತ್ತರ ಆಸುಪಾಸಿನಲ್ಲಿದೆ; ಕೊಡೆ ಹಿಡಿಯುವುದು ಕಷ್ಟವಾದರೆ ನಲವತ್ತಾಗಿದೆ ಎಂದು ತಿಳಿಯಬಹುದು.

ಮಡಿಕೇರಿ, ಸಂಪಾಜೆ ಘಾಟಿ, ಸುಳ್ಯ, ಜಾಲ್ಸೂರಿನ ಮೇಲಾಗಿ ಕಾಸರಗೋಡಿನ ಕಡೆಗೆ ಇಳಿದು ಬೇಕಲದ ಬಳಿ ತಂಗಿದೆವು. ಕೆಳದಿಯ ಶಿವಪ್ಪ ನಾಯಕನು ಹದಿನೇಳನೆಯ ಶತಮಾನದಲ್ಲಿ ಕಟ್ಟಿಸಿದನೆಂದು ಹೇಳುವ, ಮುಂದೆ ಹೈದರಾಲಿ ಮತ್ತು ಟಿಪ್ಪುವಿನ ಕೈಗೆ ಬಂದ ಈ ಕೋಟೆ ನಮ್ಮ ಶ್ರೀರಂಗಪಟ್ಟಣವನ್ನು ನೋಡಿ ಬೆಳೆದವರಿಗೆ ಅಪರಿಚಿತವೆನಿಸುವುದಿಲ್ಲ. ಮುರಕಲ್ಲಿನ ಗೋಡೆಯ ಒಳಭಾಗದಲ್ಲಿ ನಡೆದರೆ ಗಾಳಿಯ ತೊಂದರೆ ಇಲ್ಲ. ಕೊತ್ತಳಗಳ ಗೋಡೆಯಲ್ಲಿ ಬಿಟ್ಟಿರುವ ಕಿಂಡಿಗಳ ಮೂಲಕವೇ ಕಡಲನ್ನು ನೋಡುವುದು ಅತ್ಯಂತ ಸುರಕ್ಷಿತ. ಕಲ್ಲು ಎದೆಮಟ್ಟಕ್ಕಿರುವುದರಿಂದ ಮಕ್ಕಳನ್ನೂ ನಿಲ್ಲಿಸಬಹುದು. ಫೋಟೋಗಾಗಿ ಗೋಡೆಯ ನೆತ್ತಿಗೆ ಏರುವವರು ಅಲ್ಲಿ ಬಹಳ ಮಂದಿ. ಗೋಡೆಗೆ ಬಡಿದ ಗಾಳಿ ಮೇಲಕ್ಕೆ ಚಿಮ್ಮುವುದು ಸರಿಯಾಗಿ ಆ ನೆತ್ತಿಯಲ್ಲೇ, ಆದ್ದರಿಂದ ಕೋಟೆಯಲ್ಲಿ ನಾನು ಹಾಕಿದ ಒಂದೇ ನಿಷೇಧ ಅದು. ಅತ್ತೆಯವರು ನಡುವಿನ ಎತ್ತರದ ಕಾವಲು ಬುರುಜಿನ ಕೆಳಗೆ ನೆರಳಿನಲ್ಲಿ ಕುಳಿತು, ತಮಗೆ ಅಷ್ಟು ಸಾಕು ಎಂದರು.

ಮಧ್ಯಾಹ್ನ ಮಂಗಳೂರು ದಾಟಿ ಕಾಪುವಿಗೆ ಬಂದೆವು. ಕಡಲಂಚಿನ ದೊಡ್ಡ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವದು, ಸುಮಾರು 27 ಮೀಟರ್ ಎತ್ತರವಿದೆ. ಸಾರ್ವಜನಿಕರನ್ನು ಮೇಲಕ್ಕೆ ಬಿಡುವುದು ಸಂಜೆಯ ಸ್ವಲ್ಪ ಹೊತ್ತು ಮಾತ್ರವಾದ್ದರಿಂದ ಇಲ್ಲಿ ವೇಳೆಯ ಆಯ್ಕೆ ನಮ್ಮದಲ್ಲ, ಕಡಲಗಾಳಿ ಇನ್ನೂ ಬೀಸುತ್ತಿರುವಾಗಲೇ ಹತ್ತಬೇಕಾಗುತ್ತದೆ. ಆದರೆ ಮೇಲಿನ ಕಿರಿದಾದ ಸುತ್ತುಮೊಗಸಾಲೆಯಲ್ಲಿ ಎಲ್ಲ ಕಡೆಯೂ ಗಾಳಿ ಒಂದೇ ಸಮನಾಗಿರುವುದಿಲ್ಲ. ದುಂಡು ಗೋಪುರವನ್ನು ಬಳಸಿ ಹೋಗುವಾಗ ಗಾಳಿ ಎರಡು ಪಕ್ಕಗಳಲ್ಲಿ ವೇಗ ಹೆಚ್ಚಿಸಿಕೊಳ್ಳುತ್ತದೆ, ಹಿಂಬದಿಯಲ್ಲಿ ಸುಮ್ಮನಾಗುತ್ತದೆ. ಅಂದು ಗಾಳಿ ವಾಯವ್ಯದಿಂದ ಬರುತ್ತಿದ್ದುದರಿಂದ ಉತ್ತರಪೂರ್ವ ಮತ್ತು ದಕ್ಷಿಣಪಶ್ಚಿಮದ ಬದಿಗಳಲ್ಲಿ ಸೀರೆಯ ಸೆರಗು ಹಿಡಿದು ನಿಲ್ಲಿಸುವುದೇ ಕಷ್ಟವಾಗಿತ್ತು. ತೆಂಗಿನ ತೋಪಿನತ್ತ ಮುಖ ಮಾಡಿದ ಆಗ್ನೇಯದ ಬದಿಯಲ್ಲಿ ಮಕ್ಕಳು ಕಟಕಟೆ ಹಿಡಿದು ನೆಮ್ಮದಿಯಾಗಿ ನಿಂತರು. ಟೋಪಿಗಳನ್ನು ಕೆಳಗೇ ಬಿಡಿಸಿ, ಫೋನುಗಳನ್ನು ದಾರ ಕಟ್ಟಿ ಕೊರಳಿಗೆ ಹಾಕಿಸಿದ್ದೆ. ಗಾಳಿಗೆ ಹಾರಿದ ವಸ್ತುವನ್ನು ಹಿಡಿಯಲು ಬಾಗುವ ಕ್ಷಣ ಗಾಳಿಗಿಂತಲೂ ಅಪಾಯಕಾರಿ.

ಮಾರನೆಯ ದಿನದ ಬಿಸಿಲು ಹೊತ್ತನ್ನು ಉಡುಪಿಯಿಂದ ಗೋಕರ್ಣದವರೆಗಿನ ಹೆದ್ದಾರಿ ತೆಗೆದುಕೊಂಡಿತು. ಅದರ ಬಗ್ಗೆ ಹೇಳುವಂಥದ್ದೇನಿಲ್ಲ.

ಗೋಕರ್ಣದಲ್ಲಿ ಕುಡ್ಲೆ ತೀರದಿಂದ ಗುಡ್ಡ ಹತ್ತಿ ಓಂ ತೀರಕ್ಕೆ, ಅಲ್ಲಿಂದ ಅರ್ಧಚಂದ್ರ ತೀರಕ್ಕೆ ಹೋಗುವ ಕಾಲುದಾರಿಯೇ ಈ ಪ್ರವಾಸದ ತಿರುಳು. ಹಿಂದಿನ ರಾತ್ರಿ ನೋಡಿದ ಮುನ್ಸೂಚನೆಯಲ್ಲಿ ಬೆಳಿಗ್ಗೆ ಏಳಕ್ಕೆ ಪೂರ್ವದಿಂದ ಎಂಟು ಕಿಲೋಮೀಟರ್ ವೇಗ, ಬಿರುಬೀಸು ಹದಿನಾಲ್ಕು. ಸಂಜೆ ನಾಲ್ಕಕ್ಕೆ ವಾಯವ್ಯದಿಂದ ಇಪ್ಪತ್ತೆರಡು, ಬಿರುಬೀಸು ಮೂವತ್ಮೂರು ಎಂದಿತ್ತು. ಸಂಜೆಯ ಅಂಕಿ ನಮ್ಮ ಗೆರೆಯನ್ನು ದಾಟಿದ್ದರಿಂದ ಸೂರ್ಯಾಸ್ತದ ನಡಿಗೆಯ ಆಸೆ ಬಿಟ್ಟು, ಬೆಳಕು ಹರಿದೊಡನೆ ಹೊರಟೆವು. ದಾರಿ ಪಡುವಣಕ್ಕೆ ಮುಖಮಾಡಿರುವುದರಿಂದ ಬಿಸಿಲು ತಡವಾಗಿ ಬೀಳುತ್ತದೆ, ಅದೂ ಒಂದು ಲಾಭ. ಒಂದು ಸೂಕ್ಷ್ಮ ಮಾತ್ರ ನೆನಪಿನಲ್ಲಿರಬೇಕು. ಕಡಲಗಾಳಿ ನಮ್ಮನ್ನು ಒಳನಾಡಿನ ಕಡೆಗೆ ತಳ್ಳುತ್ತದೆ, ಆದರೆ ಬೆಳಗಿನ ನೆಲಗಾಳಿ ತಳ್ಳುವುದು ಅಂಚಿನ ಕಡೆಗೆ. ಆದ್ದರಿಂದ ಮೂಡಣದ ಬಿರುಬೀಸು ಇಪ್ಪತ್ತನ್ನು ದಾಟಿದರೂ ಸಾಕು, ನಾನು ಅಂಚಿನ ದಾರಿ ಬಿಟ್ಟು ಒಳದಾರಿ ಹಿಡಿಯುತ್ತೇನೆ.

ಆ ಗುಡ್ಡದ ಮುರಕಲ್ಲು ನೆಲದಲ್ಲಿ ಉದುರಿದ ಗುಂಡುಕಲ್ಲುಗಳು ಇಳಿಜಾರಿನಲ್ಲಿ ಸಾರಿಸಿದ ನೆಲದ ಮೇಲೆ ಚೆಲ್ಲಿದ ಹುರುಳಿಯಂತೆ ಕಾಲಡಿಯಲ್ಲಿ ಉರುಳುತ್ತವೆ. ಅಡಿ ಸವೆದ ಚಪ್ಪಲಿ ನಿಲ್ಲುವುದಿಲ್ಲ. ನಿಲ್ಲುವ ಜಾಗವನ್ನು ಆರಿಸಲು ನಾನು ಇಟ್ಟುಕೊಂಡ ಕ್ರಮವೆಂದರೆ, ಕಡಲಿಗೆ ಚಾಚಿದ ಗುಡ್ಡದ ಯಾವ ಮೂತಿಯ ತುದಿಗೆ ಹೋಗಬೇಕೋ ಅದನ್ನು ಮೊದಲು ಪಕ್ಕದ ತಿರುವಿನಿಂದ ನೋಡುವುದು. ಮೇಲೆ ಗಟ್ಟಿ ಕಲ್ಲಿನ ಹೊದಿಕೆಯಿದ್ದು ಕೆಳಗಿನ ಮೆದುಮಣ್ಣನ್ನು ಅಲೆ ಕೊರೆದಿದ್ದರೆ, ನಾವು ನಿಲ್ಲುವ ಅಂಚಿನ ಕೆಳಗೆ ಏನೂ ಇರುವುದಿಲ್ಲ. ಹೊಸದಾಗಿ ಕುಸಿದ ಕಡೆ ಮಣ್ಣು ಹಸಿಗೆಂಪಾಗಿರುತ್ತದೆ, ಬುಡದಲ್ಲಿ ಬಿದ್ದ ಕಲ್ಲುಗಳ ಅಂಚು ಇನ್ನೂ ಚೂಪಾಗಿರುತ್ತದೆ. ಮೇಲೆ ನಿಂತು ನೋಡುವಾಗ ಅಂಚಿಗೆ ಸಮಾನಾಂತರವಾಗಿ ಬಿರುಕು ಓಡಿದ್ದರೆ ಬಿರುಕಿನ ಒಳಬದಿಯಲ್ಲೂ ನಾಲ್ಕು ಹೆಜ್ಜೆ ಹಿಂದೆ ನಿಲ್ಲಬೇಕು. ಜನವರಿಯ ಒಣಹುಲ್ಲು ಅಂಚನ್ನು ಮುಚ್ಚಿ, ನೆಲವಿಲ್ಲದ ಕಡೆಯೂ ನೆಲವಿದೆಯೆಂದು ತೋರಿಸುವುದರಿಂದ, ಹುಲ್ಲು ಇರುವ ತುದಿಗಿಂತ ಬರಿಗಲ್ಲು ಕಾಣುವ ತುದಿಯೇ ಮೇಲು. ಓಂ ತೀರದ ಆಕಾರ ಚೆನ್ನಾಗಿ ಕಾಣುವುದು ಮೇಲಿನ ರಸ್ತೆಯ ಬದಿಯಿಂದ. ಅತ್ತೆಯವರನ್ನು ಆಟೋದಲ್ಲಿ ಅಲ್ಲಿಗೇ ಕರೆದುಕೊಂಡು ಬರುವಂತೆ ನಮ್ಮ ಯಜಮಾನರಿಗೆ ಹೇಳಿದ್ದೆ. ನಾವು ನಡೆದು ತಲುಪುವ ಹೊತ್ತಿಗೆ ಅವರು ನಮಗಿಂತ ಹೆಚ್ಚನ್ನೇ ನೋಡಿ ಮುಗಿಸಿದ್ದರು.

ಗಾಳಿಯ ಲೆಕ್ಕಕ್ಕೆ ಒಂದು ಮಿತಿಯಿದೆ. ಓಂ ತೀರದ ನಡುವಿನ ಬಂಡೆಗಳಿಗೆ ಇಳಿಯಲು ಮಕ್ಕಳು ಹಟ ಹಿಡಿದಾಗ ಗಾಳಿ ಸ್ವಲ್ಪವೂ ಇರಲಿಲ್ಲ, ನೀರು ಕೊಳದಂತೆ ಕಾಣುತ್ತಿತ್ತು. ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರು, "ತಡೀರಿ, ದೊಡ್ಡ ನೀರು ಆಮೇಲೆ ಬರ್ತದೆ, ಮಕ್ಕಳನ್ನ ಮೇಲೇ ನಿಲ್ಸಿ" ಎಂದರು. ದಕ್ಷಿಣದ ಮಹಾಸಾಗರದಲ್ಲಿ ಎಂದೋ ಎದ್ದ ಬಿರುಗಾಳಿಯ ಉದ್ದಲೆಗಳು ದಿನಗಟ್ಟಲೆ ಸಾಗಿ ನಮ್ಮ ತೀರಕ್ಕೆ ಬರುತ್ತವೆ. ಇಲ್ಲಿನ ಗಾಳಿಗೂ ಅವಕ್ಕೂ ಸಂಬಂಧವಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಇವು ಹೆಚ್ಚು. ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ ಪ್ರಕಟಿಸುವ ಮುನ್ಸೂಚನೆಯಲ್ಲಿ ಅಲೆಯ ಎತ್ತರದೊಂದಿಗೆ, ಎರಡು ಅಲೆಗಳ ನಡುವೆ ಎಷ್ಟು ಸೆಕೆಂಡು ಅಂತರವಿದೆ ಎಂಬುದನ್ನೂ ಕೊಡುತ್ತಾರೆ. ಆ ಅಂತರ ಹದಿನಾಲ್ಕು ಸೆಕೆಂಡು ದಾಟಿದ್ದರೆ, ಎತ್ತರ ಒಂದೇ ಮೀಟರ್ ಎಂದಿದ್ದರೂ ನಾನು ತಗ್ಗಿನ ಬಂಡೆಗೆ ಯಾರನ್ನೂ ಬಿಡುವುದಿಲ್ಲ. ಇಂಥ ಅಲೆಗಳು ಗುಂಪಾಗಿ ಬರುವುದರಿಂದ ಎರಡು ನಿಮಿಷ ನೋಡಿ ತೀರ್ಮಾನಿಸಲಾಗದು. ಮೇಲಿನಿಂದ ಇಪ್ಪತ್ತು ನಿಮಿಷ ಕಾಯಬೇಕು. ನಾವು ಕಾಯುತ್ತಿದ್ದಾಗ ಒಂದರ ಹಿಂದೊಂದು ಬಂದ ನಾಲ್ಕು ಅಲೆಗಳು, ಮಕ್ಕಳು ತೋರಿಸಿದ್ದ ಬಂಡೆಯನ್ನು ಪೂರ್ತಿ ತೊಳೆದುಹೋದವು. ಬಂಡೆಯ ಕಪ್ಪು ಪಾಚಿಯೂ ಅಂಟಿಕೊಂಡ ಚಿಪ್ಪುಗಳೂ ಎಲ್ಲಿಯವರೆಗೆ ಇವೆಯೋ ಅಲ್ಲಿಯವರೆಗಿನ ಕಲ್ಲು ನೀರಿನದೇ ಎಂದು ಎಣಿಸಿ, ಅದಕ್ಕಿಂತ ಆಳೆತ್ತರ ಮೇಲೆ ಕೂರುವುದಾದರೆ ಕೂರಿ ಎಂದೆ.

ಅರ್ಧಚಂದ್ರ ತೀರಕ್ಕೆ ಹೋಗುವ ದಾರಿ ಇಕ್ಕಟ್ಟಾಗಿದ್ದು, ಎರಡು ಜಾಗಗಳಲ್ಲಿ ಅಂಚಿಗೆ ತೀರಾ ಹತ್ತಿರ ಸಾಗುತ್ತದೆ. ಹಿಂದಿರುಗಲೂ ಅದೇ ದಾರಿ ಬೇಕಾದ್ದರಿಂದ, ಕಡಲಗಾಳಿ ಏಳುವ ಮೊದಲೇ ಓಂ ತೀರಕ್ಕೆ ಮರಳಿರಬೇಕೆಂದು ಲೆಕ್ಕ ಹಾಕಿ, ಒಂಬತ್ತೂವರೆಗೆ ಎಲ್ಲಿದ್ದರೂ ತಿರುಗಬೇಕೆಂದು ಮೊದಲೇ ಮಾತಾಗಿತ್ತು. ಪ್ಯಾರಡೈಸ್ ತೀರ ಅದರಾಚೆಗೆ ಉಳಿಯಿತು. ಅಲ್ಲಿಗೆ ಹೋಗಬೇಕೆನ್ನುವವರು ಬೇಲೆಕಾನಿನ ಕಡೆಯಿಂದ ಬೇರೊಂದು ಬೆಳಿಗ್ಗೆ ಹೊರಡುವುದು ಒಳ್ಳೆಯದು.