ರಾತ್ರಿಯ ಕ್ಲೋನಿಡಿನ್: ಮಳೆಗಾಲದಲ್ಲಿ ಮಾತ್ರೆ ಮುಗಿಯುವ ಮುನ್ನ

ಆಟಿ ತಿಂಗಳ ಮಳೆಗೆ ಮರ ಬಿದ್ದು ರಸ್ತೆ ಮುಚ್ಚಿದರೆ ಕೊಡಗಿನ ಎಷ್ಟೋ ಮನೆಗಳಿಂದ ಔಷಧಿ ಅಂಗಡಿಗೆ ಹೋಗುವುದೇ ಕಷ್ಟ. ಗಮನ ನಿಲ್ಲದ, ರಾತ್ರಿ ನಿದ್ರೆ ಹತ್ತದ ಮಗುವಿಗೆ ವೈದ್ಯರು ಕ್ಲೋನಿಡಿನ್ ಬರೆದಿದ್ದರೆ ಆಗ ತೊಂದರೆ ಇನ್ನೂ ಹೆಚ್ಚು. ಇದು ಥಟ್ಟನೆ ನಿಲ್ಲಿಸುವ ಮಾತ್ರೆಯಲ್ಲ.

ಕ್ಲೋನಿಡಿನ್ ಮೂಲತಃ ರಕ್ತದೊತ್ತಡ ಇಳಿಸುವ ಔಷಧಿ. ದೇಹವನ್ನು ಎಚ್ಚರದಲ್ಲಿಡುವ ನಾರ್‌ಅಡ್ರಿನಾಲಿನ್ ಸ್ರವಿಸುವುದನ್ನು ಅದು ತಗ್ಗಿಸುತ್ತದೆ. ಮಗು ಶಾಂತವಾಗುವುದು, ತೂಕಡಿಸುವುದು, ಒತ್ತಡ ಇಳಿಯುವುದು ಬಹುಮಟ್ಟಿಗೆ ಇದರಿಂದಲೇ.

ನಾಪೋಕ್ಲು ಕಡೆಯ ಒಂಬತ್ತು ವರ್ಷದ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ವೈದ್ಯರು ಹೃದಯದ ತೊಂದರೆಯಾಗಲಿ, ಎಚ್ಚರ ತಪ್ಪಿದ್ದಾಗಲಿ ಇಲ್ಲವೆಂದು ಖಚಿತಪಡಿಸಿಕೊಂಡು, ನಾಡಿ ಮತ್ತು ಒತ್ತಡ ನೋಡಿ, 100 ಮೈಕ್ರೋಗ್ರಾಂ ಮಾತ್ರೆಯ ಅರ್ಧವನ್ನು ಮಲಗುವ ಮುನ್ನ ಕೊಡಲು ಹೇಳಿದರು. ನಿಧಾನವಾಗಿ ಏರಿಸಿ ಒಂದೂವರೆ ಮಾತ್ರೆಗೆ ತಂದರು. ಚೀಟಿಯಲ್ಲಿ ಮಿಲಿಗ್ರಾಂ ಇದೆಯೋ ಮೈಕ್ರೋಗ್ರಾಂ ಇದೆಯೋ ಎಂದು ಅಂಗಡಿಯಲ್ಲಿ ಎರಡು ಸಲ ಕೇಳಿ: ಒಂದು ಮಿಲಿಗ್ರಾಂ ಎಂದರೆ ಸಾವಿರ ಮೈಕ್ರೋಗ್ರಾಂ.

ಮೊದಲ ವಾರಗಳಲ್ಲಿ ಬೆಳಗಿನ ಹೊತ್ತನ್ನು ಗಮನಿಸಿ. ಮಗು ಶಾಲೆಯ ಬಸ್ಸಿನಲ್ಲೇ ನಿದ್ರಿಸುತ್ತಿದ್ದರೆ, ಹಂಡೆಯ ಬಿಸಿನೀರಿನಲ್ಲಿ ಮಿಂದು ಎದ್ದಾಗ ಬಚ್ಚಲ ಗೋಡೆ ಹಿಡಿದು ನಿಂತರೆ, ವೈದ್ಯರಿಗೆ ತಿಳಿಸಿ. ಮಗುವಿನ ತೋಳಿಗೆ ಹೊಂದುವ ಪಟ್ಟಿಯಿಂದ, ಕುಳಿತಾಗ ಒಮ್ಮೆ, ನಿಂತು ಒಂದೆರಡು ನಿಮಿಷದ ಬಳಿಕ ಇನ್ನೊಮ್ಮೆ ಒತ್ತಡ ಅಳೆಯಬೇಕು. ದೊಡ್ಡವರ ಪಟ್ಟಿ ಒತ್ತಡವನ್ನು ಕಡಿಮೆಯಾಗಿ ತೋರಿಸುತ್ತದೆ.

ಒಂದು ರಾತ್ರಿ ಮರೆತರೆ ಮರುದಿನ ಎಂದಿನ ಪ್ರಮಾಣವನ್ನೇ ಕೊಡಿ, ಎರಡರಷ್ಟು ಬೇಡ. ಆದರೆ ಎರಡು ಮೂರು ರಾತ್ರಿ ತಪ್ಪಿದರೆ, ಅದುವರೆಗೆ ತಡೆದಿದ್ದ ನಾರ್‌ಅಡ್ರಿನಾಲಿನ್ ಒಮ್ಮೆಲೇ ನುಗ್ಗುತ್ತದೆ. ಹೆಚ್ಚು ಪ್ರಮಾಣ ತೆಗೆದುಕೊಳ್ಳುವವರಲ್ಲಿ ಇದು ಜಾಸ್ತಿ. ಕೊನೆಯ ಮಾತ್ರೆಯ ಬಳಿಕ ಒಂದರಿಂದ ಮೂರು ದಿನಗಳೊಳಗೆ ತಲೆನೋವು, ಎದೆ ಡವಗುಟ್ಟುವುದು, ಬೆವರು, ಕೈನಡುಕ, ಚಡಪಡಿಕೆ ಕಾಣುತ್ತವೆ. ‘ಹಳೆಯ ಹಟ ಮರಳಿತು’ ಎಂದು ಮನೆಯವರು ಗದರುವುದು ಇಲ್ಲಿಯೇ, ಅದು ನನಗೆ ನಿಜಕ್ಕೂ ಸಂಕಟದ ವಿಷಯ. ಆ ಹೊತ್ತಿನಲ್ಲಿ ಒತ್ತಡ ನೋಡಿಸಬೇಕು. ಹಲವು ದಿನ ತಪ್ಪಿದ ಮೇಲೆ ಹಳೆಯ ಪೂರ್ಣ ಪ್ರಮಾಣವನ್ನು ನೀವೇ ಮತ್ತೆ ಆರಂಭಿಸಬೇಡಿ: ಒತ್ತಡ ಕುಸಿಯಬಹುದು. ಮೊದಲು ವೈದ್ಯರಿಗೆ ಫೋನ್ ಮಾಡಿ.

ನಿಲ್ಲಿಸಲೇಬೇಕಾದರೆ ವೈದ್ಯರ ಲೆಕ್ಕದಲ್ಲಿ ಇಳಿಸಿ. ನಮ್ಮ ಹುಡುಗನಿಗಾದರೆ ಒಂದೂವರೆಯಿಂದ ಒಂದಕ್ಕೆ, ಐದಾರು ದಿನದ ಬಳಿಕ ಅರ್ಧಕ್ಕೆ, ಇನ್ನೂ ಐದಾರು ದಿನದ ಬಳಿಕ ಪೂರ್ತಿ ನಿಲುಗಡೆ.

ಆದ್ದರಿಂದ ಜೂನ್‌ಗೆ ಮೊದಲೇ ಹೆಚ್ಚುವರಿ ಮಾತ್ರೆಗೆ ಚೀಟಿ ಬರೆಸಿಕೊಳ್ಳಿ. ಎರಡು ವಾರದಷ್ಟು ಉಳಿದಾಗಲೇ ಹೊಸದನ್ನು ತನ್ನಿ. ವಾಂತಿ ನಿಲ್ಲದೆ ಮಾತ್ರೆ ಹೊಟ್ಟೆಯಲ್ಲಿ ಉಳಿಯದಿದ್ದರೆ, ಅದೂ ನಿಲ್ಲಿಸಿದ ಹಾಗೆಯೇ: ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಿರಿ. ಉಳಿದ ಅರ್ಧ ಮಾತ್ರೆಯನ್ನು ಕಿಟಕಿಯ ಮೇಲಿಡದೆ ಬೀಗ ಹಾಕಿಡಿ. ಪುಟ್ಟ ತಂಗಿ ಅದನ್ನು ನುಂಗಿ ಮಂಪರಿಗೆ ಜಾರಿದರೆ, ಕಣ್ಣಪಾಪೆ ಕಿರಿದಾಗಿ ಉಸಿರು ನಿಧಾನವಾದರೆ, 108ಕ್ಕೆ ಕರೆ ಮಾಡಿ, ಸ್ಟ್ರಿಪ್ ಜೊತೆಗೇ ಒಯ್ಯಿರಿ.