ಬೋರ್‌ವೆಲ್ ಮೋಟಾರ್ ಪದೇ ಪದೇ ನಿಲ್ಲುತ್ತಿದೆಯೇ? ಮೇಲೆತ್ತುವ ಮೊದಲು ಮುಳ್ಳು ನೋಡಿ

ಚಿಂತಾಮಣಿ ಬಳಿಯ ಹಳ್ಳಿಯಲ್ಲಿರುವ ನನ್ನ ಅಕ್ಕನ ಮನೆಯ ಕೊಳವೆಬಾವಿಯ ಮೋಟಾರ್ ಕಳೆದ ಬೇಸಿಗೆಯಲ್ಲಿ ಹತ್ತು ನಿಮಿಷ ಓಡಿ ನಿಂತುಬಿಡುತ್ತಿತ್ತು. ಸ್ಟಾರ್ಟರ್‌ನ ಕೆಂಪು ಗುಂಡಿ ಹೊರಗೆ ಚಿಮ್ಮುತ್ತಿತ್ತು. ಭಾವ ಅದನ್ನು ಒತ್ತಿ ಮತ್ತೆ ಚಾಲೂ ಮಾಡುತ್ತಿದ್ದರು, ಅದು ಮತ್ತೆ ನಿಲ್ಲುತ್ತಿತ್ತು. ನೋಡಲು ಬಂದವರೊಬ್ಬರು ಮೋಟಾರ್ ಸುಟ್ಟಿದೆ, ಮೇಲೆತ್ತಲೇಬೇಕು ಎಂದರು. 320 ಅಡಿ ಪೈಪು ಎತ್ತಿ ಇಳಿಸುವ ಕೂಲಿಯೇ ಸಾವಿರಾರು ರೂಪಾಯಿ. ಆದರೆ ದೋಷ ಬಾವಿಯೊಳಗೆ ಇರಲಿಲ್ಲ, ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿತ್ತು. ಮನೆಗಳಲ್ಲಿ ಸಾಮಾನ್ಯವಾಗಿರುವ ಒಂದೂವರೆ ಎಚ್‌ಪಿಯ ಸಿಂಗಲ್ ಫೇಸ್ ಸಬ್‌ಮರ್ಸಿಬಲ್ ಪಂಪಿನಲ್ಲಿ ಇದನ್ನು ಪತ್ತೆಹಚ್ಚುವ ಬಗೆ ಇಲ್ಲಿದೆ.

ಮೊದಲು ಮುಳ್ಳು, ಆಮೇಲೆ ಗಡಿಯಾರ

ಸ್ಟಾರ್ಟರ್ ಪೆಟ್ಟಿಗೆಯ ಮೇಲೆ ಎರಡು ಮೀಟರ್‌ಗಳಿರುತ್ತವೆ, ಒಂದು ವೋಲ್ಟೇಜ್ ತೋರಿಸುತ್ತದೆ, ಇನ್ನೊಂದು ಕರೆಂಟು ಅಂದರೆ ಆಂಪಿಯರ್. ಮೋಟಾರ್ ಎಷ್ಟು ಆಂಪಿಯರ್ ಎಳೆಯಬೇಕು ಎಂಬುದು ಅದರ ಜೊತೆ ಬಂದ ಚೀಟಿಯಲ್ಲಿ ಇರುತ್ತದೆ. ಅಕ್ಕನ ಮನೆಯ ಚೀಟಿಯಲ್ಲಿ 9.5 ಎಂದಿತ್ತು. ಮೋಟಾರ್ ನಿಲ್ಲುವ ಮುನ್ನ ಮುಳ್ಳು ಇದಕ್ಕಿಂತ ಮೇಲಿತ್ತೇ, ಕೆಳಗಿತ್ತೇ ಎಂಬುದನ್ನು ನೋಡಿಕೊಳ್ಳಿ. ಮೇಲಿದ್ದರೆ ವೋಲ್ಟೇಜ್, ಕೆಪಾಸಿಟರ್ ಅಥವಾ ಪಂಪಿನ ಬಿಗಿತ ಕಾರಣ. ಕೆಳಗೆ ಇಳಿದು ನಲ್ಲಿಯಲ್ಲಿ ಗಾಳಿ ಬುಸುಗುಟ್ಟಿದರೆ ನೀರೇ ಮುಗಿದಿದೆ.

ಎಷ್ಟು ಹೊತ್ತಿಗೆ ನಿಂತಿತು ಎಂಬುದೂ ಅಷ್ಟೇ ಮುಖ್ಯ. ಗುಂಡಿ ಒತ್ತಿದ ತಕ್ಷಣ ಎಂಸಿಬಿ ಬಿದ್ದರೆ ಕೇಬಲ್ಲಿನಲ್ಲೋ ಮೋಟಾರಿನೊಳಗಿನ ತಂತಿಸುರುಳಿಯಾದ ವೈಂಡಿಂಗ್‌ನಲ್ಲೋ ಶಾರ್ಟ್ ಆಗಿರುವ ಸಂಭವ ಹೆಚ್ಚು. ಅದನ್ನು ಮತ್ತೆ ಮತ್ತೆ ಒತ್ತದೆ, ತಂತಿಯ ಇನ್ಸುಲೇಷನ್ ಪರೀಕ್ಷಿಸುವ ಮೆಗರ್ ಇರುವ ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಗುಂಯ್ ಎಂದು ಸದ್ದು ಮಾಡಿ ಕೆಲವೇ ಸೆಕೆಂಡುಗಳಲ್ಲಿ ನಿಂತರೆ ಕೆಪಾಸಿಟರ್ ಹೋಗಿರಬಹುದು ಅಥವಾ ಮರಳು ಸೇರಿ ಪಂಪು ಹಿಡಿದಿರಬಹುದು. ಹತ್ತಿಪ್ಪತ್ತು ನಿಮಿಷ ಓಡಿ ನಿಂತರೆ ಮೋಟಾರ್ ಸ್ವಲ್ಪ ಸ್ವಲ್ಪವೇ ಹೆಚ್ಚು ಕರೆಂಟು ಎಳೆದು ಓವರ್‌ಲೋಡ್ ರಿಲೇ, ಅಂದರೆ ಕರೆಂಟು ಮಿತಿಮೀರಿದಾಗ ಮೋಟಾರ್ ನಿಲ್ಲಿಸುವ ಸ್ವಿಚ್ಚು, ಬಿಸಿಯಾಗಿ ಟ್ರಿಪ್ ಆಗಿದೆ ಎಂದರ್ಥ. ಅಕ್ಕನ ಮನೆಯದು ಈ ಕೊನೆಯ ಬಗೆ. ಮುಳ್ಳು 11.5ರಲ್ಲಿ ನಿಂತಿತ್ತು. ಇಂಥ ಹೊತ್ತಿನಲ್ಲಿ ರಿಲೇಯ ತಿರುಗಣೆಯನ್ನು ಮೇಲಕ್ಕೆ ತಿರುಗಿಸಿ ಟ್ರಿಪ್ ತಪ್ಪಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ರಿಲೇ ಕಾಯುತ್ತಿರುವುದು ನಿಮ್ಮ ವೈಂಡಿಂಗ್ ಅನ್ನು.

ವೋಲ್ಟೇಜ್: ಎರಡು ಕಡೆ ಅಳೆಯಿರಿ

ಮೋಟಾರ್ ನಿಂತಿರುವಾಗ ಕಾಣುವ ವೋಲ್ಟೇಜ್‌ನಿಂದ ಹೆಚ್ಚೇನೂ ತಿಳಿಯುವುದಿಲ್ಲ. ಓಡುತ್ತಿರುವಾಗ ಅಳೆಯಬೇಕು, ಅದೂ ಎರಡು ಕಡೆ: ವಿದ್ಯುತ್ ಮೀಟರಿನ ಬಳಿ ಮತ್ತು ಸ್ಟಾರ್ಟರ್‌ಗೆ ತಂತಿ ಬಂದು ಸೇರುವಲ್ಲಿ. ಚಾಲೂ ತಂತಿಯ ಕೆಲಸವಾದ್ದರಿಂದ ಅಭ್ಯಾಸ ಇಲ್ಲದವರು ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸಬೇಕು. ನಮ್ಮಲ್ಲಿ ಮೀಟರಿನ ಬಳಿ 220 ಇದ್ದರೆ ಸ್ಟಾರ್ಟರ್ ಬಳಿ 196 ಇತ್ತು. ಮೂವತ್ತೈದು ಮೀಟರ್ ತಂತಿಯಲ್ಲಿ 24 ವೋಲ್ಟ್ ಸೋರಿಹೋಗುವುದು ಸಹಜವಲ್ಲ. ಮೇನ್ ಆರಿಸಿ ಪೆಟ್ಟಿಗೆ ತೆರೆದಾಗ ನ್ಯೂಟ್ರಲ್ ತಂತಿಯ ಸ್ಕ್ರೂ ಸಡಿಲವಾಗಿ, ಅದರ ಸುತ್ತಲಿನ ಪ್ಲಾಸ್ಟಿಕ್ ಕಪ್ಪಾಗಿತ್ತು. ಸುಟ್ಟ ತುದಿ ಕತ್ತರಿಸಿ, ಹೊಸದಾಗಿ ಸುಲಿದು ಬಿಗಿ ಮಾಡಿದೆವು.

ಮೀಟರಿನ ಬಳಿಯೇ ವೋಲ್ಟೇಜ್ ಬಹಳ ಕಡಿಮೆ ಇದ್ದರೆ ಅದು ಲೈನಿನ ಸಮಸ್ಯೆ. ಆ ಹೊತ್ತಿನಲ್ಲಿ ಮೋಟಾರ್ ಓಡಿಸದೆ, ಲೈನಿನ ಮೇಲೆ ಭಾರ ಕಡಿಮೆ ಇರುವ ರಾತ್ರಿ ಹೊತ್ತಿನಲ್ಲಿ ಟ್ಯಾಂಕ್ ತುಂಬಿಸಿಕೊಳ್ಳಬಹುದು.

ಕೆಪಾಸಿಟರ್: ಉಬ್ಬದಿದ್ದರೂ ಸತ್ತಿರಬಹುದು

ಪೆಟ್ಟಿಗೆಯಲ್ಲಿ ಎರಡು ಬಗೆಯ ಕೆಪಾಸಿಟರ್‌ಗಳಿರುತ್ತವೆ. ಸ್ಟಾರ್ಟ್ ಕೆಪಾಸಿಟರ್ ಹಸಿರು ಗುಂಡಿ ಒತ್ತಿದ ಎರಡು ಮೂರು ಸೆಕೆಂಡು ಮಾತ್ರ ಕೆಲಸ ಮಾಡಿ ಮೋಟಾರನ್ನು ತಿರುಗಿಸಿಬಿಡುತ್ತದೆ. ರನ್ ಕೆಪಾಸಿಟರ್ ಮೋಟಾರ್ ಓಡುವಷ್ಟು ಹೊತ್ತೂ ಜೊತೆಗಿರುತ್ತದೆ. ಮೊದಲನೆಯದು ಹೋದರೆ ಮೋಟಾರ್ ಹೊರಡುವುದೇ ಇಲ್ಲ. ಎರಡನೆಯದು ಬಲ ಕಳೆದುಕೊಂಡರೆ ಮೋಟಾರ್ ಹೊರಡುತ್ತದೆ, ನೀರೂ ಬರುತ್ತದೆ, ಆದರೆ ಕರೆಂಟು ಹೆಚ್ಚಾಗಿ ಸ್ವಲ್ಪ ಹೊತ್ತಿಗೆ ಬಿಸಿಯಾಗಿ ನಿಲ್ಲುತ್ತದೆ. ಹೊರಗಿನಿಂದ ನೋಡಿದರೆ ಎಲ್ಲವೂ ಸರಿಯಾಗಿ ಕಾಣುವುದರಿಂದ ಜನ ಮೋಸಹೋಗುವುದು ಇಲ್ಲಿಯೇ.

ಅಳೆಯುವ ಮೊದಲು ಮೇನ್ ಆರಿಸಿ, ಹತ್ತು ನಿಮಿಷ ಬಿಡಿ. ವಿದ್ಯುತ್ ಹೋದ ಮೇಲೂ ಕೆಪಾಸಿಟರ್ ಕರೆಂಟು ಹಿಡಿದಿಟ್ಟುಕೊಂಡಿರುತ್ತದೆ. ಹೋಲ್ಡರ್‌ಗೆ ಹಾಕಿದ ಹಳೆಯ ಕಾಲದ 60 ಅಥವಾ 100 ವ್ಯಾಟ್ ತಂತಿಬಲ್ಬಿನ ಎರಡು ತುದಿಗಳನ್ನು ಅದರ ಎರಡು ಕಡ್ಡಿಗಳಿಗೆ ಮುಟ್ಟಿಸಿದರೆ ಅದು ಖಾಲಿಯಾಗುತ್ತದೆ. ಸ್ಕ್ರೂಡ್ರೈವರ್ ಅಡ್ಡ ಹಿಡಿದು ಕಿಡಿ ಹಾರಿಸುವ ಪದ್ಧತಿ ಕೈಗೂ ಕೆಪಾಸಿಟರ್‌ಗೂ ಅಪಾಯ. ಬಳಿಕ ಅದರ ತಂತಿಗಳನ್ನು ಬಿಚ್ಚಿ, ಮೈಕ್ರೋಫ್ಯಾರಡ್ ಅಳೆಯಬಲ್ಲ ಮಲ್ಟಿಮೀಟರ್ ಹಿಡಿಯಿರಿ. ಬಿಚ್ಚುವ ಮುನ್ನ ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದುಕೊಂಡರೆ ತಂತಿ ಅದಲುಬದಲಾಗುವುದಿಲ್ಲ.

ಅಕ್ಕನ ಮನೆಯ ರನ್ ಕೆಪಾಸಿಟರ್ ಮೇಲೆ 50 ಮೈಕ್ರೋಫ್ಯಾರಡ್, 440 ವೋಲ್ಟ್ ಎಂದಿತ್ತು. ಉಬ್ಬಿರಲಿಲ್ಲ, ಎಣ್ಣೆ ಜಿನುಗಿರಲಿಲ್ಲ. ಆದರೂ ಅಳತೆ 38 ಬಂತು. ಬರೆದಿರುವುದಕ್ಕಿಂತ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಇಳಿದಿದ್ದರೆ ಬದಲಿಸುವುದೇ ಸರಿ. ಹೊಸದರಲ್ಲಿ ಮೈಕ್ರೋಫ್ಯಾರಡ್ ಅಷ್ಟೇ ಇರಬೇಕು, ವೋಲ್ಟ್ ಅಷ್ಟೇ ಅಥವಾ ಹೆಚ್ಚು ಇರಬೇಕು. ಕೆಪಾಸಿಟರ್ ಹಾಕಿ, ನ್ಯೂಟ್ರಲ್ ಬಿಗಿ ಮಾಡಿದ ಮೇಲೆ ಸ್ಟಾರ್ಟರ್ ಬಳಿ 212 ವೋಲ್ಟ್ ಬಂತು, ಮುಳ್ಳು 9.2ಕ್ಕೆ ಇಳಿಯಿತು.

ಟ್ರಿಪ್ ನಿಂತ ಮೇಲೆ ಕಂಡ ಅಪಾಯ

ಕಥೆ ಅಲ್ಲಿಗೆ ಮುಗಿಯಲಿಲ್ಲ. ಸರಿಹೋದ ಮೋಟಾರ್ ಹದಿಮೂರನೇ ನಿಮಿಷದಲ್ಲಿ ನೀರಿನ ಬದಲು ಗಾಳಿ ಉಗುಳಿತು. ಮುಳ್ಳು 6ಕ್ಕೆ ಬಿತ್ತು. ಬಾವಿಯ ನೀರು ಪಂಪಿನ ಮಟ್ಟಕ್ಕೆ ಇಳಿದಿತ್ತು. ಅಷ್ಟು ದಿನ ಹತ್ತು ನಿಮಿಷಕ್ಕೇ ಟ್ರಿಪ್ ಆಗುತ್ತಿದ್ದದ್ದೇ ಅದು ಒಣಗಿ ಓಡದಂತೆ ತಡೆದಿತ್ತು. ಓವರ್‌ಲೋಡ್ ರಿಲೇ ಹೆಚ್ಚು ಕರೆಂಟನ್ನು ಮಾತ್ರ ಗುರುತಿಸುತ್ತದೆ, ಕಡಿಮೆ ಕರೆಂಟು ಅದಕ್ಕೆ ಕಾಣುವುದೇ ಇಲ್ಲ. ಪಂಪಿನ ಬೇರಿಂಗ್‌ಗೆ ನೀರೇ ಎಣ್ಣೆ, ಮೋಟಾರಿಗೆ ಅದರ ಮೈ ಸವರಿ ಹರಿಯುವ ನೀರೇ ತಂಪು. ಒಣಗಿ ಓಡಿದರೆ ಒಳಗಿನ ಪ್ಲಾಸ್ಟಿಕ್ ಚಕ್ರಗಳು ಕರಗಿ ಅಂಟಿಕೊಳ್ಳುತ್ತವೆ. ಆಗ ಮೇಲೆತ್ತದೆ ದಾರಿಯಿಲ್ಲ.

ಇದಕ್ಕೆ ಬೇಕಾದದ್ದು ಡ್ರೈ ರನ್ ಪ್ರಿವೆಂಟರ್, ಅಂದರೆ ಪಂಪು ಒಣಗಿ ಓಡದಂತೆ ತಡೆಯುವ ಉಪಕರಣ. ಬಾವಿಯೊಳಗೆ ಸೆನ್ಸರ್ ತಂತಿ ಇಳಿಸುವ ಬಗೆಯೊಂದಿದೆ. ಕರೆಂಟು ಇಳಿದದ್ದನ್ನು ಗುರುತಿಸಿ ಮೇಲಿಂದಲೇ ನಿಲ್ಲಿಸುವುದು ಇನ್ನೊಂದು. ಈಗಾಗಲೇ ಪಂಪು ಇಳಿಸಿರುವ ಬಾವಿಗೆ ಎರಡನೆಯದು ಸುಲಭ. ನೀರಿರುವಾಗ 9.2, ಇಲ್ಲದಿರುವಾಗ 6, ಆದ್ದರಿಂದ ನಡುವೆ 7.5ಕ್ಕೆ ಹೊಂದಿಸಿದೆವು.

ಎಷ್ಟು ಹೊತ್ತು ಬಿಟ್ಟು ಮತ್ತೆ ಓಡಿಸಬೇಕು ಎಂಬುದನ್ನು ಬಾವಿಯೇ ಹೇಳಬೇಕು. ಬಕೆಟ್ ಹಿಡಿದು ಲೆಕ್ಕ ಹಾಕಿದಾಗ ಪಂಪು ನಿಮಿಷಕ್ಕೆ 40 ಲೀಟರ್ ಕೊಡುತ್ತಿತ್ತು. ಆರೂವರೆ ಇಂಚಿನ ಬಾವಿಯಲ್ಲಿ ಪ್ರತಿ ಅಡಿಗೆ ಸುಮಾರು ಆರೂವರೆ ಲೀಟರ್ ನೀರು ನಿಲ್ಲುತ್ತದೆ. ಹಗ್ಗಕ್ಕೆ ತೂಕ ಕಟ್ಟಿ ಇಳಿಸಿದಾಗ ನೀರು 260 ಅಡಿಯಲ್ಲಿತ್ತು. ಪಂಪು ಇರುವುದು 320 ಅಡಿಯಲ್ಲಿ, ಹಾಗಾಗಿ ಅದರ ಮೇಲಿದ್ದದ್ದು 60 ಅಡಿ, ಅಂದರೆ ಹತ್ತಿರ ಹತ್ತಿರ 390 ಲೀಟರ್. ಹದಿಮೂರು ನಿಮಿಷದಲ್ಲಿ ಹೊರಬಂದದ್ದು 520 ಲೀಟರ್. ಉಳಿದ 130 ಲೀಟರ್ ಅಷ್ಟರಲ್ಲಿ ಒರತೆಯಿಂದ ಬಂದದ್ದು, ನಿಮಿಷಕ್ಕೆ ಹತ್ತು ಲೀಟರ್. ಹಾಗಾಗಿ ಬಾವಿ ಮತ್ತೆ ತುಂಬಲು ನಲವತ್ತು ನಿಮಿಷ ಬೇಕು. ಪ್ರಿವೆಂಟರ್‌ನ ಟೈಮರನ್ನು 45 ನಿಮಿಷಕ್ಕೆ ಇಟ್ಟೆವು.

ಈ ಉಪಕರಣಕ್ಕೂ ಮಿತಿಯಿದೆ. ಟ್ಯಾಂಕಿನ ವಾಲ್ವ್ ಮುಚ್ಚಿದ್ದರೂ ಕರೆಂಟು ಇಳಿಯುತ್ತದೆ, ಅದನ್ನೂ ಇದು ನೀರಿಲ್ಲವೆಂದೇ ತಿಳಿದು ಮೋಟಾರ್ ನಿಲ್ಲಿಸುತ್ತದೆ. ಅಕ್ಕನ ಮನೆಯಲ್ಲಿ ಒಮ್ಮೆ ಹಾಗಾಯಿತು. ಆದ್ದರಿಂದ ಡ್ರೈ ರನ್ ದೀಪ ಹೊತ್ತಿದರೆ ಬಾವಿ ಬತ್ತಿತೆಂದು ಹೆದರುವ ಮೊದಲು ಮಾಳಿಗೆ ಹತ್ತಿ ವಾಲ್ವ್ ನೋಡಿಬನ್ನಿ.